ಖರ್ಚಿನ ಪಟ್ಟಿಯನ್ನು ಕಾಲಮ್ ಮಾಡಿದೆ, ಉಳಿತಾಯ ಮೈನಸ್ ಬಂತು. ಆದರೆ ದುಡ್ಡು ಕೈಯಲ್ಲೇ ಇದೆಯಲ್ಲ?

ಹೊಲಿಗೆಮನೆ
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಮನೆ ಖರ್ಚನ್ನು ಗೂಗಲ್ ಶೀಟ್ಸ್‌ನಲ್ಲಿ ಬರೆದಿಡುತ್ತಿದ್ದೇನೆ. ದಿನಾಂಕ, ವಿವರ, ಮೊತ್ತ, ಇಷ್ಟೇ. ಕೆಳಗೊಂದು ಒಟ್ಟು. ತಿಂಗಳ ಕೊನೆಗೆ ಯಜಮಾನರು "ದಿನಸಿಗೆ ಎಷ್ಟಾಯ್ತು?" ಅಂದರೆ ಬೆರಳಿಟ್ಟು ಒಂದೊಂದೇ ಹುಡುಕಿ ಕೂಡಬೇಕು.

ಅದಕ್ಕೇ ಜೂನ್ ತಿಂಗಳದ್ದನ್ನು ಕಾಲಮ್ ಕಾಲಮ್ ಮಾಡೋಣ ಅಂತ ಕೂತೆ. ದಿನಸಿ, ಹಾಲು-ತರಕಾರಿ, ಬಾಡಿಗೆ-ಬಿಲ್ಲು, ಶಾಲೆ, ಮೆಡಿಕಲ್, ಓಡಾಟ, ಇತರೆ. ಒಟ್ಟು ಏಳು. ಒಂದೊಂದು ಮೊತ್ತವನ್ನೂ ಕತ್ತರಿಸಿ ಅದರ ಕಾಲಮ್‌ಗೆ ಅಂಟಿಸುತ್ತಾ ಹೋದೆ. ನಲವತ್ತು ಸಾಲು ಆಗುವಷ್ಟರಲ್ಲಿ ಬೇಸರ ಬಂತು. ಇನ್ನೂ ಎಪ್ಪತ್ತು ಸಾಲು ಬಾಕಿ.

ಅದಕ್ಕಿಂತ ದೊಡ್ಡ ತಲೆನೋವು ಇನ್ನೊಂದು. ಉಳಿತಾಯದ ಸಾಲು ಹಾಕಿದೆ. ಬಂದದ್ದು 54,000 (ಅವರ ಸಂಬಳ 46,000, ನನ್ನ ಹೊಲಿಗೆ 8,000). ಖರ್ಚಿನ ಒಟ್ಟು 58,900. ಅಂದರೆ ಉಳಿತಾಯ ಮೈನಸ್ 4,900. ಆದರೆ ಜೂನ್ 1ಕ್ಕೆ ಬ್ಯಾಂಕು, ಪರ್ಸು ಎರಡೂ ಸೇರಿ 21,500 ಇತ್ತು. 30ಕ್ಕೆ 28,750 ಇದೆ. ಸಾಲ ಮಾಡಿಲ್ಲ, ಯಾರೂ ಕೊಟ್ಟಿಲ್ಲ. ಎಲ್ಲಿಂದ ಬಂತು ಇದು?

ನಿತ್ಯ ಉಳಿತಾಯ
ಅಕ್ಕಾ, ಮೈನಸ್ ಬರ್ತಿದೆ ಅಂದ್ರೆ ಮೊದಲು ಖರ್ಚು ಕಡಿಮೆ ಮಾಡಬೇಕು. ನಮ್ಮನೆಯಲ್ಲಿ ಹೊರಗಿನ ತಿಂಡಿ ನಿಲ್ಲಿಸಿದೆವು, ತಿಂಗಳಿಗೆ ಎರಡು ಸಾವಿರ ಉಳಿಯಿತು. ತರಕಾರಿ ಸಂತೆಯಲ್ಲಿ ಸಂಜೆ ಕೊಂಡರೆ ಅಗ್ಗ.

ಹೊಲಿಗೆಮನೆ
ಅಯ್ಯೋ, ಖರ್ಚು ಜಾಸ್ತಿ ಅನ್ನೋದು ನನ್ನ ಪ್ರಶ್ನೆ ಅಲ್ಲ. ಲೆಕ್ಕ ಯಾಕೆ ಕೂಡಿ ಬರ್ತಿಲ್ಲ ಅನ್ನೋದು. ಸಂತೆ ಮಾತು ನಿಜ, ಅದನ್ನು ಮಾಡ್ತೀನಿ.

ಸೊಸೈಟಿ ಗುಮಾಸ್ತ
ಅಮ್ಮಾ, ನಾನು ಸಹಕಾರಿ ಸೊಸೈಟಿಯಲ್ಲಿ ಮೂವತ್ತೊಂದು ವರ್ಷ ರೋಜು ಬರೆದವನು. ಈಗ ನಿವೃತ್ತ. ಒಂದು ಕೇಳುತ್ತೇನೆ. ಆ 58,900ರಲ್ಲಿ ಎ.ಟಿ.ಎಂ.ನಿಂದ ತೆಗೆದ ದುಡ್ಡು ಸೇರಿದೆಯೇ? ಕ್ರೆಡಿಟ್ ಕಾರ್ಡ್ ಬಿಲ್ಲು ಕಟ್ಟಿದ್ದು? ಆರ್.ಡಿ., ಚೀಟಿ?

ಹೊಲಿಗೆಮನೆ
ಎಲ್ಲಾ ಇದೆ ಸರ್. ದುಡ್ಡು ಹೋದದ್ದನ್ನೆಲ್ಲ ಬರೆಯುತ್ತೇನೆ. ಎ.ಟಿ.ಎಂ. 10,000. ಕಾರ್ಡ್ ಬಿಲ್ಲು 4,200. ಆರ್.ಡಿ. 3,500. ಚೀಟಿ 4,500.

ಸೊಸೈಟಿ ಗುಮಾಸ್ತ
ಹಾಗಾದರೆ ಗಂಟು ಅಲ್ಲೇ ಇದೆ.

ಎ.ಟಿ.ಎಂ.ನಿಂದ ಹತ್ತು ಸಾವಿರ ತೆಗೆದಾಗ ಅದು ಬ್ಯಾಂಕಿನಿಂದ ನಿಮ್ಮ ಪರ್ಸಿಗೆ ಬಂತು. ಮನೆ ಬಿಟ್ಟು ಹೋಗಿಲ್ಲ. ಅದೇ ಪರ್ಸಿನಿಂದ ಹಾಲಿನವನಿಗೆ, ಆಟೋದವನಿಗೆ ಕೊಟ್ಟಾಗ ಮತ್ತೆ ಬರೆದಿದ್ದೀರಿ. ಒಂದೇ ದುಡ್ಡು ಎರಡು ಸಲ ಖರ್ಚಾಯಿತು.

ಕಾರ್ಡಿನದ್ದೂ ಹೀಗೇ. ಮೇ ತಿಂಗಳಲ್ಲಿ ಉಜ್ಜಿದಾಗ ಬರೆದಿದ್ದರೆ, ಜೂನ್‌ನಲ್ಲಿ ಬಿಲ್ಲು ಕಟ್ಟಿದ್ದು ಖರ್ಚಲ್ಲ, ಬಾಕಿ ತೀರಿಸಿದ್ದು. ಆರ್.ಡಿ., ಚೀಟಿ ಖರ್ಚೇ ಅಲ್ಲ, ಅವೇ ನಿಮ್ಮ ಉಳಿತಾಯ. ಅವನ್ನು ಖರ್ಚಿನಲ್ಲಿ ಕಳೆದು ಆಮೇಲೆ ಉಳಿತಾಯ ಎಲ್ಲಿ ಅಂತ ಹುಡುಕಿದರೆ ಸಿಗುವುದು ಹೇಗೆ?

ನಾವು ಪುಸ್ತಕದಲ್ಲಿ ಎರಡು ಕಾಲಮ್ ಬೇರೆ ಇಡುತ್ತಿದ್ದೆವು. ನೀವೂ ಏಳರ ಪಕ್ಕ ಎರಡು ಸೇರಿಸಿ: "ಕೂಡಿಟ್ಟದ್ದು", "ವರ್ಗಾವಣೆ". ಆರ್.ಡಿ., ಚೀಟಿ ಮೊದಲನೆಯದಕ್ಕೆ. ಎ.ಟಿ.ಎಂ., ಕಾರ್ಡ್ ಬಿಲ್ಲು ಎರಡನೆಯದಕ್ಕೆ. ಸಾಲು ಅಳಿಸಬೇಡಿ. ಅಳಿಸಿದರೆ ಬ್ಯಾಂಕ್ ಪಾಸ್‌ಬುಕ್ ಜೊತೆ ಹೋಲಿಸುವಾಗ ಗೊಂದಲ ಆಗುತ್ತದೆ.

ಶೀಟ್ಸ್‌ನಲ್ಲಿ ಅದನ್ನು ಹೇಗೆ ಮಾಡುವುದು ಅಂತ ಹುಡುಗರು ಹೇಳಲಿ, ನನಗೆ ಕಾಗದವೇ ಸಲೀಸು.

ಹುಬ್ಬಳ್ಳಿ ಹುಡುಗ
ಅಕ್ಕಾರ, ಕತ್ತರಿಸಿ ಅಂಟಿಸೋದು ಬ್ಯಾಡ್ರಿ. ಹಳೆ ಮೂರು ಕಾಲಮ್ ಹಾಗೇ ಇರಲಿ. ಪ್ರತಿ ಸಾಲಿಗೂ ಅಲ್ಲಿವರೆಗಿನ ಖರ್ಚು ತೋರಿಸುವ ನಡೆಯುವ ಒಟ್ಟಿಗೆ ಸುಲಭದ ದಾರಿ ಇದೆ. ಕೊನೆಯ N ಕಾಲಮ್‌ನಲ್ಲಿ ಮೇಲಿನ ಸಾಲಿನ ಒಟ್ಟು, ಅದಕ್ಕೆ ಈ ಸಾಲಿನ ಮೊತ್ತ ಕೂಡಿಸಿ. ಆಮೇಲೆ ಕೆಳಗೆ ಎಳೆದರೆ ಆಯ್ತು.

```
=N2+C3
```

ಕೋಶಪಾಲಕಿ
ಮೂರು ಕಾಲಮ್ ಹಾಗೇ ಇರಲಿ ಅನ್ನೋದು ಸರಿ. ಆದರೆ ಆ ಸೂತ್ರ ಮೊದಲ ಸಾಲಲ್ಲೇ ಎಡವುತ್ತದೆ. N2ನಲ್ಲಿ ಶೀರ್ಷಿಕೆ ಇರುತ್ತದೆ, ಅಕ್ಷರಕ್ಕೆ ಸಂಖ್ಯೆ ಕೂಡಿಸಿದರೆ #VALUE! ಬರುತ್ತದೆ. ಅದು ಕೆಳಗಿನ ಎಲ್ಲ ಸಾಲಿಗೂ ಹರಡುತ್ತದೆ. ಮೊದಲ ಸಾಲನ್ನು ಹೇಗೋ ಸರಿ ಮಾಡಿದಿರಿ ಅಂತಿಟ್ಟುಕೊಳ್ಳಿ, ನಡುವಿನ ಒಂದು ಸಾಲು ಅಳಿಸಿದ ದಿನ #REF! ಸುರು.

ಮೇಲಾಗಿ ಅದು C ಕಾಲಮ್ ಅನ್ನು ಕೂಡುತ್ತದೆ. ಗುಮಾಸ್ತರು ಈಗ ತಾನೇ ಬೇಡ ಅಂದ ಎ.ಟಿ.ಎಂ., ಚೀಟಿ ಎಲ್ಲ ಮತ್ತೆ ಖರ್ಚಿಗೆ ಸೇರುತ್ತದೆ.

ನಾನು ಮಾಡುವ ರೀತಿ ಹೇಳುತ್ತೇನೆ. ಒಟ್ಟುಗಳನ್ನು ಕೆಳಗೆ ಇಡಬೇಡಿ, ಮೇಲೆ ಒಂದನೇ ಸಾಲಿನಲ್ಲಿ ಇಡಿ. ಎರಡನೇ ಸಾಲು ಶೀರ್ಷಿಕೆ. ಮೂರನೇ ಸಾಲಿನಿಂದ ಲೆಕ್ಕ. View ಮೆನುವಿನ Freeze ಒಳಗೆ 2 rows ಆರಿಸಿದರೆ ಆ ಎರಡು ಸಾಲು ಮೇಲೇ ನಿಲ್ಲುತ್ತವೆ, ಕೆಳಗೆ ಎಷ್ಟು ಬೇಕಾದರೂ ಬರೆಯುತ್ತಾ ಹೋಗಬಹುದು. ದಿನಸಿಗೆ ಇಲ್ಲಿವರೆಗೆ ಎಷ್ಟಾಯ್ತು ಅನ್ನೋದು ಯಾವಾಗಲೂ ಕಣ್ಣೆದುರಿಗೇ ಇರುತ್ತದೆ.

A ದಿನಾಂಕ, B ವಿವರ, C ಮೊತ್ತ, D ಬಾಬ್ತು. E ಇಂದ K ವರೆಗೆ ನಿಮ್ಮ ಏಳು ಕಾಲಮ್. L ಕೂಡಿಟ್ಟದ್ದು, M ವರ್ಗಾವಣೆ. N ನಡೆಯುವ ಒಟ್ಟು. ನೀವು ಕೈಯಿಂದ ಬರೆಯುವುದು D ವರೆಗೆ ಮಾತ್ರ. D ಕಾಲಮ್‌ನಲ್ಲಿ "ದಿನಸಿ" ಅಂತ ಬರೆದರೆ ಮೊತ್ತ ತಾನಾಗೇ ದಿನಸಿ ಕಾಲಮ್‌ಗೆ ಬೀಳಬೇಕು. E3ಯಲ್ಲಿ ಇದನ್ನು ಹಾಕಿ M ವರೆಗೂ, ಕೆಳಗೆ 500ನೇ ಸಾಲಿನವರೆಗೂ ಎಳೆಯಿರಿ:

```
=IF($D3=E$2,$C3,"")
```

E1ರಲ್ಲಿ ಇದು, M1 ವರೆಗೆ ಎಳೆಯಿರಿ:

```
=SUM(E3:E500)
```

ನಡೆಯುವ ಒಟ್ಟು, N3ಯಲ್ಲಿ ಹಾಕಿ ಕೆಳಗೆ 500ನೇ ಸಾಲಿನವರೆಗೂ ಎಳೆಯಿರಿ:

```
=IF($C3="","",SUM($E$3:$K3))
```

ಇದು E ಇಂದ K ವರೆಗೆ, ಮೂರನೇ ಸಾಲಿನಿಂದ ಈ ಸಾಲಿನವರೆಗಿನ ಪೂರ್ತಿ ಚೌಕವನ್ನು ಕೂಡುತ್ತದೆ. ಮೇಲಿನ ಸಾಲನ್ನು ನೆಚ್ಚಿಕೊಂಡಿಲ್ಲ, ಹಾಗಾಗಿ ನಡುವೆ ಏನು ಅಳಿಸಿದರೂ ಮುರಿಯುವುದಿಲ್ಲ. L, M ಹೊರಗಿವೆ, ಆದ್ದರಿಂದ ಚೀಟಿ ಕಟ್ಟಿದ ದಿನ ನಡೆಯುವ ಒಟ್ಟು ಅಲುಗಾಡುವುದಿಲ್ಲ. ಒಂದು ಎಚ್ಚರಿಕೆ: ಖಾಲಿ ಕಾಣುವ ಸೆಲ್‌ಗಳನ್ನು `=E3+F3` ಅಂತ ಕೂಡಬೇಡಿ. ಅವು ನಿಜವಾಗಿ ಖಾಲಿ ಅಲ್ಲ, ಖಾಲಿ ಅಕ್ಷರ. ಕೂಡಿದರೆ ಮತ್ತೆ #VALUE!. `SUM` ಆದರೆ ಅವನ್ನು ಸುಮ್ನೆ ಬಿಟ್ಟುಬಿಡುತ್ತದೆ.

ಹುಬ್ಬಳ್ಳಿ ಹುಡುಗ
ಒಪ್ಪಿದೆ ಬಿಡ್ರಿ. ನಂದು ಮೊದಲ ಸಾಲಲ್ಲಿ ಕೈಯಿಂದ ಬರೆದಿದ್ದೆ, ಅದಕ್ಕೇ ಗೊತ್ತಾಗಿರಲಿಲ್ಲ. ಒಂದು ಕೇಳ್ತೀನಿ, 5ನೇ ತಾರೀಖಿನ ಖರ್ಚು ಮರೆತು 12ಕ್ಕೆ ಬರೆದರೆ?

ಕೋಶಪಾಲಕಿ
ನಡೆಯುವ ಒಟ್ಟು ಸಾಲಿನ ಕ್ರಮ ನೋಡುತ್ತದೆ, ತಾರೀಖು ನೋಡುವುದಿಲ್ಲ. A3 ಇಂದ D500 ವರೆಗೆ ಮಾತ್ರ ಆಯ್ದುಕೊಂಡು ದಿನಾಂಕದ ಪ್ರಕಾರ ಜೋಡಿಸಿ. ಸೂತ್ರದ ಕಾಲಮ್ ಮುಟ್ಟಬೇಡಿ, ಅವು ತಾವಾಗಿ ಸರಿಹೋಗುತ್ತವೆ.

ಹೊಲಿಗೆಮನೆ
ಅಂಟಿಸಿದ್ದನ್ನೆಲ್ಲ ಹಿಂದಕ್ಕೆ ತಂದು ಹೊಸದಾಗಿ ಮಾಡಿದೆ. ಮಧ್ಯಾಹ್ನ ಪೂರ್ತಿ ಹೋಯ್ತು, ಒಂದು ಬ್ಲೌಸು ಹಾಗೇ ಉಳಿಯಿತು. ಆದರೆ D ಕಾಲಮ್ ತುಂಬಿಸುತ್ತಿದ್ದ ಹಾಗೆ ಮೊತ್ತಗಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂರುವುದನ್ನು ನೋಡೋಕೆ ಚೆನ್ನಾಗಿತ್ತು!

ಈಗ ಏಳು ಕಾಲಮ್‌ಗಳ ಒಟ್ಟು 36,060. ಕೂಡಿಟ್ಟದ್ದು 8,000. ವರ್ಗಾವಣೆ 14,200. ಮೂರೂ ಸೇರಿಸಿದರೆ 58,260. ಆದರೆ C ಕಾಲಮ್ ಒಟ್ಟು 58,900 ಇದೆ. 640 ಎಲ್ಲೋ ಬಿದ್ದುಹೋಗಿದೆ.

ಸೊಸೈಟಿ ಗುಮಾಸ್ತ
ಉದ್ದದ ಮೊತ್ತಕ್ಕೂ ಅಡ್ಡದ ಮೊತ್ತಕ್ಕೂ ತಾಳೆ ಬಂದಿಲ್ಲ ಅಂದರೆ ಯಾವುದೋ ಸಾಲು ಯಾವ ಬಾಬ್ತಿಗೂ ಸೇರಿಲ್ಲ. ನಾವು ಪ್ರತಿ ಪುಟದ ಕೆಳಗೆ ಇದನ್ನು ನೋಡಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದೆವು. ಗುರುತು ಇಲ್ಲದ ಪುಟ ತಿರುಗಿಸುವ ಹಾಗಿರಲಿಲ್ಲ. 640ರ ಸಾಲು ಇದೆಯೇ ನೋಡಿ. ಅಥವಾ ಕೂಡಿದರೆ 640 ಆಗುವ ಎರಡು ಸಾಲು.

ಹೊಲಿಗೆಮನೆ
ಸಿಕ್ಕಿತು! 14ನೇ ತಾರೀಖು ಮಾವನವರ ಬಿ.ಪಿ. ಮಾತ್ರೆ, 640. ಆದರೆ ಅದರ ಪಕ್ಕದಲ್ಲಿ "ಮೆಡಿಕಲ್‌" ಅಂತ ಸರಿಯಾಗೇ ಬರೆದಿದ್ದೇನೆ. ಮೇಲೆ ಶೀರ್ಷಿಕೆಯೂ "ಮೆಡಿಕಲ್". ಕನ್ನಡಕ ಹಾಕಿಕೊಂಡು ನೋಡಿದೆ, ಒಂದಕ್ಷರ ವ್ಯತ್ಯಾಸ ಇಲ್ಲ.

ಕೋಶಪಾಲಕಿ
ಆ ಸಾಲನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ರಾ, ಉಳಿದದ್ದು ಫೋನಿನಲ್ಲಾ? ಯಾವುದಾದರೂ ಖಾಲಿ ಸೆಲ್‌ನಲ್ಲಿ ಇದನ್ನು ಹಾಕಿ ನೋಡಿ. ಆ ಸಾಲಿನ ನಂಬರ್ ಹಾಕಿ, ಇಲ್ಲಿ 52 ಅಂತ ಇಟ್ಟುಕೊಂಡಿದ್ದೇನೆ:

```
=LEN(D52)
```

ಹೊಲಿಗೆಮನೆ
ಹೌದು, ಅವತ್ತು ಯಜಮಾನರ ಕಂಪ್ಯೂಟರಿನಲ್ಲಿ. LEN 8 ಬಂತು. ಶೀರ್ಷಿಕೆಗೆ ಹಾಕಿದರೆ 7.

ಕೋಶಪಾಲಕಿ
ಅಲ್ಲೇ ಇದೆ ಕಳ್ಳ. ಮ, ಎತ್ವ, ಡ, ಗುಡಿಸು, ಕ, ಲ, ಕೊನೆಯ ಅರ್ಧಾಕ್ಷರದ ಗುರುತು. ಏಳೇ ಆಗಬೇಕು. ಕೆಲವು ಕನ್ನಡ ಕೀಲಿಮಣೆಗಳು ಅರ್ಧಾಕ್ಷರದಲ್ಲಿ ಮುಗಿಯುವ ಪದದ ಕೊನೆಗೆ ಕಣ್ಣಿಗೆ ಕಾಣದ ಒಂದು ಗುರುತನ್ನು ಸೇರಿಸುತ್ತವೆ. ಮುಂದಿನ ಅಕ್ಷರ ಒತ್ತಾಗಿ ಕೆಳಗೆ ಹೋಗದಿರಲಿ ಅಂತ. ನಮಗೆ ಎರಡೂ ಒಂದೇ, ಶೀಟ್‌ಗೆ ಬೇರೆ ಬೇರೆ. `TRIM` ಹಾಕಿದರೂ ಹೋಗುವುದಿಲ್ಲ, ಅದು ಬರೀ ಖಾಲಿ ಜಾಗ ಕತ್ತರಿಸುತ್ತದೆ. ಇಂಗ್ಲಿಷಿನಲ್ಲಿ ಲೆಕ್ಕ ಇಡುವವರಿಗೆ ಈ ಕಾಟ ಸಾಮಾನ್ಯವಾಗಿ ಇರಲ್ಲ, ನಮಗೇ.

ಮದ್ದು ಒಂದೇ, ಬಾಬ್ತನ್ನು ಟೈಪ್ ಮಾಡಲೇಬೇಡಿ. D3 ಇಂದ D500 ಆಯ್ದುಕೊಂಡು Data ಮೆನುವಿನಲ್ಲಿ Data validation, ಅದರಲ್ಲಿ Dropdown (from a range). ವ್ಯಾಪ್ತಿಗೆ $E$2:$M$2 ಕೊಡಿ. ಶೀರ್ಷಿಕೆಗಳೇ ಪಟ್ಟಿಯಾಗಿ ಬರುತ್ತವೆ, ಬೆರಳು ಒತ್ತಿ ಆರಿಸುವುದು ಅಷ್ಟೇ. ಹಳೆಯದರಲ್ಲಿ ಹೊಂದದೇ ಇರುವ ಸೆಲ್‌ಗಳ ಮೂಲೆಯಲ್ಲಿ ಕೆಂಪು ಗುರುತು ಕಾಣುತ್ತದೆ, ಅವನ್ನು ಮತ್ತೆ ಆರಿಸಿ. ಮತ್ತೆ ಗುಮಾಸ್ತರ ಪೆನ್ಸಿಲ್ ಗುರುತನ್ನು C1ರಲ್ಲಿ ಇಟ್ಟುಬಿಡಿ, ಯಾವಾಗಲೂ ಸೊನ್ನೆ ಇರಬೇಕು:

```
=SUM(C3:C500)-SUM(E3:M500)
```

ಚೌಡೇಶ್ವರಿ ಸ್ಟೋರ್ ಪಕ್ಕದ ಮನೆ
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಚೀಟಿ ಕೂಡಿಟ್ಟದ್ದು ಅಂದಿರಲ್ಲ ಗುಮಾಸ್ತರೇ, ನಾನೂ ಹಾಗೇ ಬರೆಯುತ್ತಿದ್ದೆ. ನಂದು ಒಂದು ಲಕ್ಷದ ಚೀಟಿ, 20 ಜನ, 20 ತಿಂಗಳು. ಆರನೇ ತಿಂಗಳಲ್ಲೇ ತಂಗಿ ಮದುವೆಗೆ ಅಂತ ಕೂಗಿ ಎತ್ತಿಬಿಟ್ಟೆ. ಆಮೇಲೂ ತಿಂಗಳು ತಿಂಗಳು ಕಟ್ಟಿದ್ದನ್ನು ಉಳಿತಾಯ ಅಂತಲೇ ಹಾಕುತ್ತಾ ಬಂದೆ. ವರ್ಷದ ಕೊನೆಗೆ ಪುಸ್ತಕದಲ್ಲಿ ಐವತ್ತು ಸಾವಿರದ ಮೇಲೆ ಉಳಿತಾಯ, ಕೈಯಲ್ಲಿ ಏನೂ ಇಲ್ಲ!

ಸೊಸೈಟಿ ಗುಮಾಸ್ತ
ನೀವು ಹೇಳಿದ್ದು ಒಳ್ಳೆಯದಾಯಿತು, ನಾನು ಕೇಳಬೇಕಿತ್ತು. ಎತ್ತುವ ತನಕ ಕಟ್ಟಿದ್ದು ಉಳಿತಾಯ. ಎತ್ತಿದ ಮೇಲೆ ಕಟ್ಟುವುದು ಸಾಲದ ಕಂತು. ಆ ದುಡ್ಡನ್ನು ನೀವು ಮುಂಚೆಯೇ ಪಡೆದಾಗಿದೆ. ಎತ್ತಿದ ತಿಂಗಳು ಬಂದ ದುಡ್ಡನ್ನೂ ಜಮಾದಲ್ಲಿ ಆದಾಯ ಅಂತ ಹಾಕಬಾರದು. ಅದರಲ್ಲಿ ನೀವು ಕಟ್ಟಿದ್ದಷ್ಟು ನಿಮ್ಮದೇ ಹಳೆ ಉಳಿತಾಯ, ಉಳಿದದ್ದು ಸಾಲ. ಹೊಲಿಗೆಮನೆ ಅಮ್ಮಾ, ನಿಮ್ಮದು ಎತ್ತಿದ್ದೋ ಇಲ್ಲವೋ?

ಹೊಲಿಗೆಮನೆ
ಎತ್ತಿಲ್ಲ ಸರ್. ಕೊನೆಯ ತನಕ ಬಿಡೋಣ ಅಂತ ಇದೆ.

640 ಸರಿಹೋಯ್ತು. C1ರಲ್ಲಿ ಸೊನ್ನೆ. ಖರ್ಚು 36,700. 54,000ದಲ್ಲಿ ಕಳೆದರೆ ಉಳಿತಾಯ 17,300. ಮೈನಸ್ಸಿನಿಂದ ಇಲ್ಲಿಗೆ! ಇನ್ನು ಮುಗೀತು ಅಲ್ವಾ?

ಸೊಸೈಟಿ ಗುಮಾಸ್ತ
ಇನ್ನೂ ಶಿಲ್ಕು ನೋಡಿಲ್ಲವಲ್ಲ. ಪುಸ್ತಕ ಒಳಗೊಳಗೇ ತಾಳೆ ಬಂದರೆ ಸಾಲದು. ಪರ್ಸು, ಪಾಸ್‌ಬುಕ್ ಏನು ಹೇಳುತ್ತವೆ ಅನ್ನುವುದಕ್ಕೂ ತಾಳೆ ಬರಬೇಕು.

ಆರಂಭದ ಶಿಲ್ಕು 21,500. ಅದಕ್ಕೆ ಜಮಾ 54,000 ಸೇರಿಸಿ, 75,500. ಖರ್ಚು 36,700 ಕಳೆಯಿರಿ. ಕೂಡಿಟ್ಟ 8,000 ಕಳೆಯಿರಿ, ಅದು ಆರ್.ಡಿ.ಗೆ, ಚೀಟಿಗೆ ಹೋಯಿತು. ಉಳಿದದ್ದು 30,800. ಕಾರ್ಡ್ ಬಿಲ್ಲು 4,200 ಖಾತೆಯಿಂದ ಹೋದದ್ದು ನಿಜ, ಕಳೆಯಿರಿ. 26,600. ಎ.ಟಿ.ಎಂ. ಹತ್ತು ಸಾವಿರ ಮುಟ್ಟಬೇಡಿ, ಬ್ಯಾಂಕು ಪರ್ಸು ಎರಡನ್ನೂ ಸೇರಿಸಿಯೇ ಎಣಿಸಿದ್ದೇವೆ. ಇನ್ನು ಜೂನ್‌ನಲ್ಲಿ ಕಾರ್ಡ್ ಉಜ್ಜಿ ಖರ್ಚಲ್ಲಿ ಬರೆದದ್ದು, ಆದರೆ ಖಾತೆಯಿಂದ ಇನ್ನೂ ಹೋಗದೇ ಇರುವುದು ಎಷ್ಟಿದೆ?

ಹೊಲಿಗೆಮನೆ
ಮಕ್ಕಳ ಶೂ ಮತ್ತು ಬ್ಯಾಗು, 2,600.

ಸೊಸೈಟಿ ಗುಮಾಸ್ತ
ಅದನ್ನು ವಾಪಸ್ ಸೇರಿಸಿ. 29,200. ಇದು ಪುಸ್ತಕ ಹೇಳುವ ಅಖೈರು ಶಿಲ್ಕು. ನಿಮ್ಮ ಕೈಯಲ್ಲಿ ಇರುವುದು 28,750. 450 ಕಮ್ಮಿ ಇದೆ.

ಚೌಡೇಶ್ವರಿ ಸ್ಟೋರ್ ಪಕ್ಕದ ಮನೆ
450 ತಾನೇ, ಪಾನಿಪುರಿಗೆ ಹೋಗಿರುತ್ತೆ. "ಇತರೆ"ಗೆ ಹಾಕಿ ಮುಗಿಸಿ. ನಾನು ಪ್ರತಿ ತಿಂಗಳೂ ಹಾಗೇ ಮಾಡೋದು.

ಕೋಶಪಾಲಕಿ
ಸ್ವಲ್ಪ ತಡೆಯಿರಿ. ಚಿಲ್ಲರೆ ಖರ್ಚು ಮರೆತಿದ್ದರೆ 437, 462 ಹೀಗೆ ಬರುವುದು ಜಾಸ್ತಿ. ಇದು ಸರಿಯಾಗಿ 450, ಯಾವುದೋ ಒಂದೇ ಸಾಲು ಇರಬಹುದು. ಇದನ್ನು ಹಾಕಿ:

```
=COUNTA(C3:C500)-COUNT(C3:C500)
```

ಮೊದಲನೆಯದು ತುಂಬಿದ ಸೆಲ್ ಎಷ್ಟು ಅಂತ ಎಣಿಸುತ್ತದೆ, ಎರಡನೆಯದು ಸಂಖ್ಯೆ ಇರುವ ಸೆಲ್ ಎಷ್ಟು ಅಂತ. ಎರಡೂ ಒಂದೇ ಆಗಿರಬೇಕು.

ಹೊಲಿಗೆಮನೆ
1 ಬಂತು.

ನೋಡಿದೆ. 22ನೇ ತಾರೀಖು, ಗ್ಯಾಸ್ ಒಲೆ ರಿಪೇರಿ. ರಸೀದಿಯಲ್ಲಿ ಇದ್ದ ಹಾಗೇ "450/-" ಅಂತ ಬರೆದಿದ್ದೇನೆ. ಉಳಿದ ಮೊತ್ತ ಎಲ್ಲ ಬಲಕ್ಕೆ ಇವೆ, ಇದೊಂದು ಮಾತ್ರ ಎಡಕ್ಕೆ ಅಂಟಿಕೊಂಡಿದೆ. ಇಷ್ಟು ದಿನ ಕಣ್ಣಿಗೇ ಬಿದ್ದಿಲ್ಲ! ಆದರೆ C1 ಸೊನ್ನೆ ತೋರಿಸುತ್ತಿತ್ತಲ್ಲ, ಅದು ಯಾಕೆ ಹಿಡಿಯಲಿಲ್ಲ?

ಕೋಶಪಾಲಕಿ
"/-" ಇದ್ದುದರಿಂದ ಅದು ಸಂಖ್ಯೆ ಅಲ್ಲ, ಅಕ್ಷರ. C ಕಾಲಮ್ ಕೂಡುವಾಗಲೂ ಬಿಟ್ಟಿತು, ಇತರೆ ಕಾಲಮ್ ಕೂಡುವಾಗಲೂ ಬಿಟ್ಟಿತು. ಎರಡೂ ಕಡೆ ಒಂದೇ ತಪ್ಪಾದರೆ ವ್ಯತ್ಯಾಸ ಸೊನ್ನೆಯೇ. ಅದನ್ನು ಹಿಡಿದದ್ದು ಗುಮಾಸ್ತರ ಶಿಲ್ಕು. "/-" ತೆಗೆದು ಬರೀ 450 ಇಡಿ. C ಕಾಲಮ್‌ಗೆ ಎಡಕ್ಕೆ, ನಡುವಿಗೆ ಅಂತ ಅಲಂಕಾರ ಮಾಡಬೇಡಿ. ಅಲಂಕಾರ ಇಲ್ಲದಿದ್ದರೆ ಇಂಥದ್ದು ಎಡಕ್ಕೆ ನಿಂತು ತಾನೇ ಹೇಳಿಕೊಳ್ಳುತ್ತದೆ.

ಹೊಲಿಗೆಮನೆ
ತಾಳೆ ಬಂತು! 28,750ಕ್ಕೆ 28,750. ಖರ್ಚು 37,150, ಉಳಿತಾಯ 16,850. ಯಜಮಾನರನ್ನು ಕರೆದು ತೋರಿಸಿದೆ. "ದಿನಸಿಗೆ ಎಷ್ಟು?" ಅಂತ ಕೇಳಿ, ಅದು ಮೇಲೆ ಕಾಣ್ತಿದೆ ಅಂದಮೇಲೆ, "ಇತರೆಗೆ ಯಾಕೆ ಇಷ್ಟು?" ಅಂದರು.

ಒಂದು ಮಾತ್ರ ಅರ್ಥ ಆಗ್ಲಿಲ್ಲ. ಉಳಿತಾಯ 16,850 ಅಂತೀರಿ, ಕೈಯಲ್ಲಿ ಜಾಸ್ತಿ ಆದದ್ದು 7,250 ಮಾತ್ರ.

ಸೊಸೈಟಿ ಗುಮಾಸ್ತ
ಕೈಗೆ 7,250. ಆರ್.ಡಿ., ಚೀಟಿಗೆ 8,000. ಕಾರ್ಡಿನ ಬಾಕಿ 4,200 ಇದ್ದದ್ದು 2,600ಕ್ಕೆ ಇಳಿಯಿತು, ಅಲ್ಲಿ 1,600. ಕೂಡಿ ನೋಡಿ.

ಹೊಲಿಗೆಮನೆ
16,850. ಸರಿಯಾಗಿ.

ಹುಬ್ಬಳ್ಳಿ ಹುಡುಗ
ಜೂನ್‌ನಲ್ಲಿ ಶಾಲೆ ಕಾಲಮ್ ಉಬ್ಬಿರುತ್ತದೆ, ಜುಲೈಗೆ ಖಾಲಿ. ನಾನಾದರೆ ವರ್ಷದ ಫೀ 12ರಿಂದ ಭಾಗಿಸಿ ತಿಂಗಳು ತಿಂಗಳು ಖರ್ಚು ಹಾಕ್ತೀನಿ.

ಕೋಶಪಾಲಕಿ
ಆಗ ಫೀ ಕಟ್ಟಿದ ತಿಂಗಳು ಏನು ಬರೀತೀರಿ? ಅದನ್ನೂ ಖರ್ಚು ಅಂದರೆ ಮತ್ತೆ ಎರಡು ಸಲ. ಬರೆಯದಿದ್ದರೆ ಶಿಲ್ಕು ತಾಳೆ ಬರಲ್ಲ. ತಿಂಗಳು ತಿಂಗಳು ಎತ್ತಿಡುವುದನ್ನು "ಕೂಡಿಟ್ಟದ್ದು" ಕಾಲಮ್‌ಗೆ ಹಾಕಿ, ಕಟ್ಟಿದಾಗ ಪೂರ್ತಿ ಖರ್ಚಿಗೆ ಹಾಕಿ. ಉಬ್ಬಿದರೆ ಉಬ್ಬಲಿ.

ಹುಬ್ಬಳ್ಳಿ ಹುಡುಗ
ಹಾಗಾದ್ರೆ ಜೂನ್ ನೋಡಿದವರಿಗೆ ಹೊಟ್ಟೆ ಉರೀತದ, ಜುಲೈ ನೋಡಿದವರಿಗೆ ಖುಷಿ. ಎರಡೂ ಸುಳ್ಳು. ನಾನು ಇದನ್ನು ಇನ್ನೂ ಒಪ್ಪಿಲ್ಲ.

ಚೌಡೇಶ್ವರಿ ಸ್ಟೋರ್ ಪಕ್ಕದ ಮನೆ
ಹೊಲಿಗೆಮನೆ ಅವರೇ, ನಿಮ್ಮ ಚೀಟಿ ತಿಂಗಳಿಗೆ ಐದು ಸಾವಿರದ್ದೇ ಇರಬೇಕು, 4,500 ಅಂತ ಇದೆ. 500 ಬಿಟ್ಟಿದ್ದಾರೆ ಅಲ್ವಾ? 20 ಜನಕ್ಕೆ ಹಂಚಿದ ಹರಾಜಿನ ಲಾಭ. ನಾನಾಗಿದ್ದರೆ ಕೂಡಿಟ್ಟದ್ದು 5,000, ಜಮಾ 500 ಅಂತ ಬರೀತಿದ್ದೆ. ಅದೂ ಗಳಿಕೆ ತಾನೇ?

ಸೊಸೈಟಿ ಗುಮಾಸ್ತ
ಬೇಡ. ಕೈಯಿಂದ ಹೋದದ್ದು 4,500, ಬರೆಯುವುದೂ 4,500. ನೀವು ಹೇಳಿದ ಹಾಗೆ 20 ತಿಂಗಳು ಬರೆದರೆ ಪುಸ್ತಕದಲ್ಲಿ ಒಂದು ಲಕ್ಷ ನಿಲ್ಲುತ್ತದೆ. ಕೊನೆಗೆ ಎತ್ತುವವನಿಗೂ ನಡೆಸುವವರ ಕಮಿಷನ್ ಮುರಿದೇ ಕೊಡುತ್ತಾರೆ. ನೂರಕ್ಕೆ ಐದು ಅಂತ ಹಿಡಿದರೂ 95,000. ಐದು ಸಾವಿರ ಎಲ್ಲಿ ಹೋಯಿತು ಅಂತ ಅವತ್ತು ಹುಡುಕಬೇಕು. ಲಾಭ ಎಷ್ಟು ಅಂತ ಎತ್ತಿದ ದಿನ ತಾನೇ ಗೊತ್ತಾಗುತ್ತದೆ.

ಚೌಡೇಶ್ವರಿ ಸ್ಟೋರ್ ಪಕ್ಕದ ಮನೆ
ಆ ಐದು ಸಾವಿರವನ್ನು ಕೊನೆಯ ತಿಂಗಳು ಖರ್ಚು ಅಂತ ಒಂದು ಸಾಲು ಬರೆದರಾಯ್ತು. ಇಪ್ಪತ್ತು ತಿಂಗಳು ಲಾಭ ಕಾಣದೇ ಕಟ್ಟೋದು ನನಗಾಗಲ್ಲ ರಾಯರೇ.

ಹೊಲಿಗೆಮನೆ
ಸದ್ಯಕ್ಕೆ 4,500 ಅಂತಲೇ ಇಟ್ಟಿದ್ದೇನೆ. ಜುಲೈ ಹಾಳೆ ತೆರೆದು ಆರಂಭದ ಶಿಲ್ಕು 28,750 ಹಾಕಿದೆ. ಆ ಬ್ಲೌಸು ಇವತ್ತು ಕೊಡಬೇಕು, ಹೊಲಿಗೆಗೆ ಕೂರ್ತೀನಿ.